ಕಲ್ಲುಗೋಡೆಯೊಳಗಿನ ಕಾಣದ ಕೊಂಡಿ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಮ್ಮ ಬೀದರ್, ಕಲಬುರಗಿ ಜಿಲ್ಲೆಗಳ ಗಡಿಗೆ ಹತ್ತಿರದ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಸಾವಿರಾರು ಜನ ಸತ್ತರು. ಬಹಳ ಮಂದಿಯ ಮೇಲೆ ಬಿದ್ದದ್ದು ಅವರದೇ ಮನೆಯ ದಪ್ಪ ಕಲ್ಲುಗೋಡೆ. ಅಷ್ಟು ದಪ್ಪದ ಗೋಡೆ ಏಕೆ ನಿಲ್ಲಲಿಲ್ಲ?

ಕಾಡುಗಲ್ಲಿನ ಗೋಡೆ ಹೊರಗಿನಿಂದ ಒಂದೇ ಎನಿಸಿದರೂ ಒಳಗೆ ಎರಡು. ಹೊರಮುಖಕ್ಕೊಂದು ಸಾಲು, ಒಳಮುಖಕ್ಕೊಂದು ಸಾಲು, ನಡುವೆ ಚಕ್ಕೆ ಮತ್ತು ಗಾರೆ. ಎರಡನ್ನೂ ಬಿಗಿಯುವ ಕಲ್ಲಿಲ್ಲದಿದ್ದರೆ ಭಾರಕ್ಕೋ ನಡುಕಕ್ಕೋ ಅವು ಬೇರೆಬೇರೆಯಾಗಿ ಉಬ್ಬಿ ಬೀಳುತ್ತವೆ. ಕಿಲ್ಲಾರಿಯ ಅನೇಕ ಮನೆಗಳಲ್ಲಿ ಆದದ್ದು ಇದೇ. ಅಲ್ಲಿ ಗಾರೆಯೂ ಬರೀ ಮಣ್ಣಿನದು.

ಗೋಡೆಯ ಒಂದು ಮುಖದಿಂದ ಇನ್ನೊಂದು ಮುಖದವರೆಗೆ ಹಾಯುವ ಉದ್ದಗಲ್ಲಿಗೆ ಮೇಸ್ತ್ರಿಗಳು ತ್ರೂ ಕಲ್ಲು ಎನ್ನುತ್ತಾರೆ. ಗೋಡೆಯ ಮುಖದ ಪ್ರತಿ ಅರ್ಧ ಚದರ ಮೀಟರಿಗೆ ಇಂಥದ್ದೊಂದು ಬೇಕು. 6 ಮೀಟರ್ ಉದ್ದ, 3 ಮೀಟರ್ ಎತ್ತರ, 45 ಸೆಂಟಿಮೀಟರ್ ದಪ್ಪದ ಗೋಡೆ ಎಂದಿಟ್ಟುಕೊಳ್ಳಿ. ಮುಖ 18 ಚದರ ಮೀಟರ್, ಹಾಗಾಗಿ 36 ತ್ರೂ ಕಲ್ಲು. ಕಲ್ಲುಗಳ ಗಾತ್ರ ಒಂದೇ ಸಮ ಇಲ್ಲದಿದ್ದರೂ ಪ್ರತಿ 60 ಸೆಂಟಿಮೀಟರ್ ಎತ್ತರಕ್ಕೊಮ್ಮೆ ದಾರ ಹಿಡಿದು ಗೋಡೆಯ ತಲೆಯನ್ನು ಮಟ್ಟಕ್ಕೆ ತರಬೇಕು. ಅಂಥ ಐದು ವರಸೆ ಬರುವುದರಿಂದ ವರಸೆಗೆ ಏಳೆಂಟು ಕಲ್ಲು ಹಂಚಿಕೊಳ್ಳುತ್ತದೆ. ಕೆಳಗಿನ ವರಸೆಯ ತ್ರೂ ಕಲ್ಲಿನ ನೇರಕ್ಕೇ ಮೇಲಿನದು ಕೂರಬಾರದು. ಕಟ್ಟಿದ ಮೇಲೆ ಯಾವುದು ಎಲ್ಲಿದೆ ತಿಳಿಯದು, ಅದಕ್ಕೇ ಕೂರಿಸಿದಾಗಲೇ ಅದರ ತುದಿಗೆ ಬಣ್ಣದ ಗುರುತು ಹಾಕಿಸಿ, ಎಣಿಸಿ. ಕ್ವಾರಿಯಲ್ಲಿ 45 ಸೆಂಟಿಮೀಟರ್ ಉದ್ದದ ಕಲ್ಲು ಸಿಗದಿದ್ದರೆ ಅದೇ ಉದ್ದಕ್ಕೆ, 15 ಸೆಂಟಿಮೀಟರ್ ಚೌಕಕ್ಕೆ ಕಾಂಕ್ರೀಟ್ ತುಂಡು ಮೊದಲೇ ಎರಕ ಹೊಯ್ದಿಟ್ಟುಕೊಳ್ಳಬಹುದು.

ಗಾರೆಯಲ್ಲಿ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು ಸಾಕು. 50 ಕಿಲೋ ಸಿಮೆಂಟಿನ ಚೀಲ ಸುಮಾರು 35 ಲೀಟರ್ ಆಗುತ್ತದೆ. ಅಷ್ಟೇ ಹಿಡಿಯುವ ಪೆಟ್ಟಿಗೆಯಲ್ಲಿ ಚೀಲಕ್ಕೆ ಆರು ಪೆಟ್ಟಿಗೆ ಮರಳು ಅಳೆದು ಹಾಕಿಸಿ. ಬಾಂಡ್ಲಿಯ ಲೆಕ್ಕ ತುಂಬುವವರ ಕೈಗೆ ತಕ್ಕಂತೆ ಬದಲಾಗುತ್ತದೆ. ಕ್ವಾರಿ ಊರುಗಳಲ್ಲಿ ಇನ್ನೊಂದು ಅಪಾಯ ಕ್ರಷರ್ ಧೂಳು. ಅಗ್ಗಕ್ಕೆ ಸಿಗುತ್ತದೆಂದು ಮರಳಿನ ಬದಲು ಅದನ್ನೇ ಸುರಿದರೆ ನುಣುಪು ಪುಡಿ ಹೆಚ್ಚಾಗಿ ನೀರು ಹೆಚ್ಚು ಬೇಡುತ್ತದೆ. ಒಣಗುವಾಗ ಗಾರೆ ಕುಗ್ಗಿ ಬಿರುಕು ಬಿಡುತ್ತದೆ. ಎಂ-ಸ್ಯಾಂಡ್ ತೊಳೆದು ಗಾತ್ರಕ್ಕೆ ತಕ್ಕಂತೆ ಜರಡಿ ಹಿಡಿದದ್ದು, ಈ ಧೂಳಲ್ಲ. ಕಲ್ಲಿನ ಮೇಲೆ ಕುಳಿತ ಪುಡಿಯನ್ನೂ ತೊಳೆಯದೆ ಕಟ್ಟಿದರೆ ಗಾರೆ ಕಲ್ಲಿಗೆ ಹಿಡಿಯುವುದಿಲ್ಲ. ಬೀಟು ತುಂಬಿರುವುದು ಹೊರಗೆ ಕಂಡರೂ ಒಳಗೆ ಪೊಳ್ಳು ಉಳಿದಿರಬಹುದು. ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಆ ಜಾಗ ಬೇರೆಯೇ ಸದ್ದು ಕೊಡುತ್ತದೆ.

ಈಗಾಗಲೇ ಕಟ್ಟಿದ ಮನೆಯಾದರೆ ಗೋಡೆಗೆ ಉದ್ದಕ್ಕೆ ದಾರ ಹಿಡಿದು ನೋಡಿ. ನಡುವೆ ಉಬ್ಬಿದ್ದರೆ ಅದನ್ನು ಗಿಲಾವಿನಲ್ಲಿ ಮುಚ್ಚಬೇಡಿ. ಎಂಜಿನಿಯರರನ್ನು ಕರೆಸಿ, ಗೋಡೆಯಲ್ಲಿ ಆರಪಾರ ರಂಧ್ರ ಮಾಡಿ ಕೊಕ್ಕೆ ಬಾಗಿಸಿದ ಕಬ್ಬಿಣದ ಸರಳಿಟ್ಟು ಕಾಂಕ್ರೀಟ್ ತುಂಬಿಸಿ. ಹೊಸದಾಗಿ ಕಟ್ಟಿಸುವವರು ಮಾತ್ರ ಗಾರೆ ಕಲಸುವ ಮುನ್ನವೇ ಮೇಸ್ತ್ರಿಯನ್ನು ಕೇಳಲಿ: ತ್ರೂ ಕಲ್ಲು ಎಷ್ಟು ತರಿಸಿದ್ದೀರಿ?