ಬೇಸಿಗೆ ಕ್ರೀಡಾ ಅಭ್ಯಾಸ: ಬಿಸಿಲಿನ ಬಳಲಿಕೆಯನ್ನು ಗುರುತಿಸುವುದು ಮತ್ತು ವೇಳಾಪಟ್ಟಿ ಹೊಂದಿಸುವುದು

ಮಾನ್ಯ ಗ್ರಾಮ ಪಂಚಾಯಿತಿ ಸದಸ್ಯರ ಗಮನಕ್ಕೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಬೇಸಿಗೆ ಸೌಮ್ಯವೆಂಬ ನಂಬಿಕೆ ರೂಢಿಯಲ್ಲಿದೆ. ಆದರೆ 2016ರ ಏಪ್ರಿಲ್‌ನಲ್ಲಿ ನಗರದ ಉಷ್ಣಾಂಶವು 39.2 ಡಿಗ್ರಿ ಸೆಲ್ಸಿಯಸ್ ತಲುಪಿತ್ತು. ಹವಾಮಾನ ಇಲಾಖೆಯ ಈ ಅಳತೆ ನೆರಳಿನಲ್ಲಿ ತೆಗೆದದ್ದು. ಬಯಲಿನಲ್ಲಿ ಓಡುವ ಮಗುವಿಗೆ ನೇರ ಬಿಸಿಲು ಹಾಗೂ ನೆಲದಿಂದ ಏಳುವ ಝಳ ಇದರ ಮೇಲೆ ಸೇರುತ್ತವೆ.

ಒಂದು ಸಂದರ್ಭ

ನಗರದ ಪಶ್ಚಿಮ ಅಂಚಿನ ಗ್ರಾಮ ಪಂಚಾಯಿತಿಯೊಂದರ ಬಾಲಕರ ಕಬಡ್ಡಿ ತಂಡವು ಆರ್‌ಪಿಸಿ ಲೇಔಟ್‌ನ ಬಯಲೊಂದರಲ್ಲಿ ಏಪ್ರಿಲ್ ತಿಂಗಳ ಸಂಜೆ 4 ಗಂಟೆಗೆ ಅಭ್ಯಾಸ ಆರಂಭಿಸುತ್ತದೆ ಎಂದು ಭಾವಿಸೋಣ. ಪರೀಕ್ಷೆ ಮುಗಿದು ಅದು ಮೂರನೆಯ ದಿನ. ನಲವತ್ತು ನಿಮಿಷಗಳ ನಂತರ 40 ಕಿಲೋ ತೂಕದ ಬಾಲಕನೊಬ್ಬ ತಲೆಸುತ್ತು, ತಲೆನೋವು, ಹೊಟ್ಟೆ ತೊಳಸುವಿಕೆ ಎನ್ನುತ್ತಾನೆ. ಅವನಿಗೆ ಬೆವರು ಧಾರಾಕಾರವಾಗಿದೆ, ಮುಖ ಬಿಳಿಚಿಕೊಂಡಿದೆ, ನಾಡಿ ವೇಗವಾಗಿದೆ. ಆದರೆ ಕೇಳಿದ ಪ್ರಶ್ನೆಗೆ ಸರಿಯಾಗಿ ಉತ್ತರಿಸುತ್ತಾನೆ. ಇದು ಬಿಸಿಲಿನ ಬಳಲಿಕೆ. ಅವನನ್ನು ನೆರಳಿಗೆ ಕರೆದೊಯ್ದು, ಮಲಗಿಸಿ, ಕಾಲುಗಳನ್ನು ತುಸು ಎತ್ತರಿಸಿ, ಅಂಗಿ ಸಡಿಲಿಸಿ, ಮೈಗೆ ನೀರು ಚಿಮುಕಿಸಿ ಗಾಳಿ ಬೀಸಬೇಕು. ಗುಟುಕು ಗುಟುಕಾಗಿ ನೀರು ಅಥವಾ ಓಆರ್‌ಎಸ್ ಕೊಡಬೇಕು. ಚೇತರಿಸಿಕೊಂಡರೂ ಅಂದು ಅವನು ಮತ್ತೆ ಆಡತಕ್ಕದ್ದಲ್ಲ. ಅರ್ಧ ಗಂಟೆಯಲ್ಲಿ ಸುಧಾರಿಸದಿದ್ದರೆ ಅಥವಾ ವಾಂತಿ ನಿಲ್ಲದಿದ್ದರೆ ವೈದ್ಯರ ಬಳಿ ಒಯ್ಯಬೇಕು.

ಅದೇ ಬಾಲಕ ತೊದಲಿದರೆ, ತೂರಾಡಿದರೆ, ತಾನೆಲ್ಲಿದ್ದೇನೆಂದು ಹೇಳಲಾಗದಿದ್ದರೆ ಅಥವಾ ಪ್ರಜ್ಞೆ ತಪ್ಪಿದರೆ ಅದನ್ನು ಪ್ರಾಣಾಪಾಯದ ಉಷ್ಣಾಘಾತವೆಂದೇ ಪರಿಗಣಿಸಬೇಕು. ಉಷ್ಣಾಘಾತದಲ್ಲಿ ಬೆವರು ನಿಂತಿರಲೇಬೇಕು ಎಂಬುದು ತಪ್ಪು ತಿಳಿವಳಿಕೆ; ಆಡುತ್ತಿರುವಾಗ ಕುಸಿದವರ ಮೈ ಬೆವರಿನಿಂದ ಒದ್ದೆಯಾಗಿಯೇ ಇರಬಹುದು. ಆದ್ದರಿಂದ ಚರ್ಮವನ್ನಲ್ಲ, ಮನಸ್ಸಿನ ಸ್ಥಿತಿಯನ್ನು ಪರೀಕ್ಷಿಸಬೇಕು. ಕಂಕುಳಿನ ಥರ್ಮಾಮೀಟರ್ ಇಂಥ ವೇಳೆ ಕಡಿಮೆ ತೋರಿಸಬಹುದಾದ್ದರಿಂದ ಅದನ್ನು ನಂಬಿ ಕೂರಬಾರದು. 108ಕ್ಕೆ ಕರೆ ಮಾಡಿ, ಆಂಬ್ಯುಲೆನ್ಸ್ ಬರುವವರೆಗೆ ಕೊಡಗಟ್ಟಲೆ ತಣ್ಣೀರನ್ನು ಮೈಮೇಲೆ ಸುರಿಯುತ್ತಲೇ ಇರಬೇಕು. ಮಂಜುಗಡ್ಡೆಯ ನೀರಿನಲ್ಲಿ ಅದ್ದಿದ ಬಟ್ಟೆಗಳಿದ್ದರೆ ಮೈಗೆಲ್ಲ ಹೊದಿಸಿ ಆಗಾಗ ಬದಲಿಸಬೇಕು. ಪ್ರಜ್ಞೆ ಮಂಕಾದವರ ಬಾಯಿಗೆ ನೀರು ಹಾಕಬಾರದು. ಜ್ವರದ ಮಾತ್ರೆ ಇಲ್ಲಿ ನಿರುಪಯುಕ್ತ.

ಅಭ್ಯಾಸದ ವೇಳೆ

ಸಂಜೆ 4 ಗಂಟೆ ಎಂಬುದು ಶಾಲಾ ದಿನಗಳ ರೂಢಿ. ಏಪ್ರಿಲ್‌ನಲ್ಲಿ ದಿನದ ಗರಿಷ್ಠ ತಾಪ ಮಧ್ಯಾಹ್ನ 3ರ ಆಸುಪಾಸಿನಲ್ಲಿರುವುದರಿಂದ 4ಕ್ಕೆ ನೆಲವಿನ್ನೂ ಕಾದಿರುತ್ತದೆ. ಬೆಳಿಗ್ಗೆ 6ರಿಂದ 7.30ರ ಅವಧಿ ಅತ್ಯಂತ ಸೂಕ್ತ. ಸಂಜೆಯೇ ಅನಿವಾರ್ಯವಾದರೆ 5.15ರ ನಂತರ ಆರಂಭಿಸಿ, ಬೆಳಕಿರುವಾಗಲೇ ಮುಗಿಸಬಹುದು.

ಮೇಲಿನ ಸಂದರ್ಭದಲ್ಲಿ ‘ಮೂರನೆಯ ದಿನ’ ಎಂಬುದೂ ಮುಖ್ಯ. ದೇಹವು ಬಿಸಿಲಿಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಮೊದಲ ನಾಲ್ಕು ದಿನ ಅರ್ಧ ಅವಧಿಯ ಲಘು ಅಭ್ಯಾಸ ಮಾತ್ರ ನಡೆಸಿ, ಬಳಿಕ ಕ್ರಮೇಣ ಹೆಚ್ಚಿಸಬೇಕು. ಜ್ವರ ಅಥವಾ ಭೇದಿಯಿಂದ ಆಗಷ್ಟೇ ಚೇತರಿಸಿಕೊಂಡ ಮಗುವನ್ನು ಬಿಸಿಲಿನ ಅಭ್ಯಾಸಕ್ಕೆ ಇಳಿಸಬಾರದು.

ನೀರಿನ ವಿರಾಮ

‘ಬಾಯಾರಿದವರು ಕುಡಿಯಲಿ’ ಎಂದು ಬಿಟ್ಟರೆ ಆಟದ ಭರದಲ್ಲಿ ಮಕ್ಕಳು ಕುಡಿಯುವುದಿಲ್ಲ. ಪ್ರತಿ 15–20 ನಿಮಿಷಕ್ಕೊಮ್ಮೆ ಸೀಟಿ ಊದಿ, ಎಲ್ಲರನ್ನೂ ನೆರಳಿಗೆ ಕರೆದು, ಒಂದು ಲೋಟದಷ್ಟು, ಅಂದರೆ ಸುಮಾರು 150 ಮಿಲಿಲೀಟರ್ ನೀರು ಕೊಡಬೇಕು.

ಇದು ಸಾಕಾಗುತ್ತಿದೆಯೇ ಎಂಬುದನ್ನು ತೂಕದ ಯಂತ್ರ ತಿಳಿಸುತ್ತದೆ. 40 ಕಿಲೋ ಇದ್ದ ಬಾಲಕ ಅಭ್ಯಾಸದ ನಂತರ 39.2 ಕಿಲೋ ತೂಗಿದರೆ ದೇಹದಿಂದ 800 ಮಿಲಿಲೀಟರ್‌ನಷ್ಟು ನೀರು ಕಡಿಮೆಯಾಗಿದೆ. ಇದು ತೂಕದ ಶೇ 2. ಇಷ್ಟು ಇಳಿದರೆ ಮುಂದಿನ ದಿನ ವಿರಾಮಗಳನ್ನು ಹೆಚ್ಚಿಸಬೇಕು. ನಷ್ಟವಾದ ನೀರನ್ನು ಒಮ್ಮೆಲೇ ಕುಡಿಸದೆ, ಮುಂದಿನ ಕೆಲವು ಗಂಟೆಗಳಲ್ಲಿ ಊಟ, ಮಜ್ಜಿಗೆ, ನೀರಿನ ಮೂಲಕ ತುಂಬಿಸಬೇಕು. ತೂಕ ಏರಿದ್ದರೆ ಅಗತ್ಯಕ್ಕಿಂತ ಹೆಚ್ಚು ನೀರು ಕುಡಿದಿದ್ದಾರೆಂದು ಅರ್ಥ, ಅದೂ ಅಪಾಯಕರ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಸೂಚಿಸಿದಷ್ಟೇ ನೀರಿನಲ್ಲಿ, ಸಾಮಾನ್ಯವಾಗಿ ಒಂದು ಲೀಟರ್‌ನಲ್ಲಿ, ಕರಗಿಸಬೇಕು.

ಉಡುಪು

ಗಾಳಿಯಾಡುವ, ಸಡಿಲವಾದ, ತಿಳಿಬಣ್ಣದ ಉಡುಪು ಸೂಕ್ತ. ತಂಡದ ಬಿಗಿಯಾದ ಜೆರ್ಸಿಯನ್ನು ಪಂದ್ಯದ ದಿನಕ್ಕೆ ಮೀಸಲಿಡಬಹುದು. ಕಬಡ್ಡಿ ಮತ್ತು ಕುಸ್ತಿಯಲ್ಲಿ ತೂಕದ ಮಿತಿ ಇರುವುದರಿಂದ ಕೆಲವರು ಪ್ಲಾಸ್ಟಿಕ್ ಅಥವಾ ಮಳೆಯಂಗಿ ತೊಟ್ಟು ಓಡಿ ತೂಕ ಇಳಿಸಲು ಯತ್ನಿಸುವುದುಂಟು. ಆಗ ಬೆವರು ಆರುವುದಿಲ್ಲ; ಬೆವರು ಆರದೆ ಮೈ ತಣಿಯುವುದಿಲ್ಲ. ಇಳಿದದ್ದು ಕೊಬ್ಬಲ್ಲ, ನೀರು. ಇದನ್ನು ಸಂಪೂರ್ಣವಾಗಿ ನಿಷೇಧಿಸತಕ್ಕದ್ದು.

ಶಿಬಿರಕ್ಕೆ ಅನುಮತಿ ನೀಡುವ ಮುನ್ನ ಸದಸ್ಯರು ಸ್ಥಳ ಪರಿಶೀಲಿಸಿ ನೆರಳು, ಕುಡಿಯುವ ನೀರು, ಸುರಿಯಲು ತುಂಬಿಟ್ಟ ಡ್ರಮ್ ಮತ್ತು ಕೊಡಗಳು, ತೂಕದ ಯಂತ್ರ ಇವೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು. ಮಗು ಕುಸಿದಾಗ 108ಕ್ಕೆ ಕರೆ ಮಾಡುವವರು ಯಾರು, ನೀರು ಸುರಿಯುವವರು ಯಾರು ಎಂಬುದನ್ನು ಮೊದಲ ದಿನವೇ ನಿಗದಿಪಡಿಸಿ, ವೇಳಾಪಟ್ಟಿಯ ಜೊತೆಗೆ ಸೂಚನಾ ಫಲಕದಲ್ಲಿ ಪ್ರಕಟಿಸುವುದು.