ಯಾತ್ರೆಯ ಬಸ್ಸು, ಮೂವತ್ತು ಜನರ ಊಟ: ಹೊಟ್ಟೆ ಕೆಡುವುದು ಎಲ್ಲಿಂದ?

ಪುಣೆ, ಮುಂಬಯಿ ಕಡೆಯ ಕನ್ನಡದ ಮನೆಗಳವರು ವರ್ಷಕ್ಕೊಮ್ಮೆಯಾದರೂ ಬಸ್ಸು ಮಾಡಿಕೊಂಡು ಪಂಢರಪುರ, ತುಳಜಾಪುರ, ಅಕ್ಕಲಕೋಟೆ, ಗಾಣಗಾಪುರ ಸುತ್ತಿ ಬರುವುದು ವಾಡಿಕೆ. ಮೂರು ದಿನ, ಎರಡು ರಾತ್ರಿ, ಮೂವತ್ತು ಜನ. ನಮ್ಮ ಗುಂಪಿನಲ್ಲಿ ಅಡುಗೆಯ ಜವಾಬ್ದಾರಿ ನನ್ನದು. ಒಂದು ವರ್ಷ ಆದ ತಪ್ಪು, ಮರುವರ್ಷ ಅದನ್ನು ತಿದ್ದಿಕೊಂಡ ಬಗೆ, ಎರಡನ್ನೂ ಇಲ್ಲಿ ಬರೆದಿದ್ದೇನೆ.

*ಆ ವರ್ಷ ಆದದ್ದು*

ಬೆಳಗಿನ 5 ಗಂಟೆಗೆ ಪುಣೆಯಿಂದ ಬಸ್ಸು. ಹಾಗಾಗಿ ಹಿಂದಿನ ರಾತ್ರಿ 11 ಗಂಟೆಗೇ ನಾಲ್ಕು ಕಿಲೋ ಅಕ್ಕಿಯ ಚಿತ್ರಾನ್ನ ಮಾಡಿ, ಬಿಸಿ ಇರುವಾಗಲೇ ಎರಡು ದೊಡ್ಡ ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದೆವು. ಹತ್ತು ಗಂಟೆಗೆ ಪಂಢರಪುರ ತಲುಪಿ, ದರ್ಶನ ಮುಗಿಸಿ ಹನ್ನೆರಡಕ್ಕೆ ಊಟ ಎಂದು ಲೆಕ್ಕ. ಆದರೆ ದರ್ಶನದ ಸಾಲು ನಮ್ಮ ಲೆಕ್ಕ ಕೇಳುವುದಿಲ್ಲ. ಊಟಕ್ಕೆ ಕೂತಾಗ ಮಧ್ಯಾಹ್ನ 2 ಗಂಟೆ. ಅನ್ನಕ್ಕೆ ಹಳಸಿದ ವಾಸನೆ ಇರಲಿಲ್ಲ, ಅಂಟು ಇರಲಿಲ್ಲ, ರುಚಿಯೂ ಚೆನ್ನಾಗಿತ್ತು. ಸಂಜೆ 5ರ ಹೊತ್ತಿಗೆ ತುಳಜಾಪುರದ ದಾರಿಯಲ್ಲಿ ಒಬ್ಬರಾದ ಮೇಲೆ ಒಬ್ಬರಂತೆ ಒಂಬತ್ತು ಜನರಿಗೆ ವಾಂತಿ.

ಎಲ್ಲರೂ ನೀರನ್ನೇ ಬೈದರು. ಆದರೆ ಅದೇ ಕ್ಯಾನಿನ ನೀರು ಕುಡಿದು ಉಪವಾಸ ಮಾಡಿದ್ದ ಮೂವರಿಗೆ ಏನೂ ಆಗಿರಲಿಲ್ಲ. ಆಮೇಲೆ ನಾವು ತೋರಿಸಿಕೊಂಡ ವೈದ್ಯರು ಕೇಳಿದ ಮೊದಲ ಪ್ರಶ್ನೆ, “ಊಟವಾಗಿ ಎಷ್ಟು ಹೊತ್ತಿಗೆ ಶುರುವಾಯಿತು?” ಎಂದು. ಉತ್ತರ ಅಲ್ಲೇ ಇತ್ತು. ತಿಂದ 1ರಿಂದ 6 ಗಂಟೆಯೊಳಗೆ ಹಲವರಿಗೆ ಒಟ್ಟಿಗೆ ವಾಂತಿ ಬಂದರೆ, ಆಹಾರದಲ್ಲಿ ಮೊದಲೇ ವಿಷ ತಯಾರಾಗಿತ್ತು ಎಂಬ ಸಂಶಯ ಬರಬೇಕು. ಕೆಟ್ಟ ನೀರಿನಿಂದ ಬರುವ ಭೇದಿ ಸಾಮಾನ್ಯವಾಗಿ ಅರ್ಧ ದಿನ, ಒಂದು ದಿನ, ಕೆಲವೊಮ್ಮೆ ಇನ್ನೂ ತಡವಾಗಿ ಶುರುವಾಗುತ್ತದೆ.

*ಬಿಸಿ ಅನ್ನ ಡಬ್ಬಿಯಲ್ಲಿ ಕೆಡುವುದು ಹೇಗೆ*

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ರೋಗಾಣುವಿನ ಬೀಜಕಣಗಳು ಸಹಜವಾಗಿಯೇ ಇರುತ್ತವೆ. ಕುದಿಸಿದರೂ ಅವು ಸಾಯುವುದಿಲ್ಲ. ಬಿಸಿಬಿಸಿ ಅನ್ನ ತಿಂದರೆ ತೊಂದರೆಯಿಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಉಳಿದಾಗ ಬೀಜಕಣ ಮೊಳೆತು, ರೋಗಾಣು ಬೆಳೆದು ವಿಷ ಉತ್ಪತ್ತಿ ಮಾಡುತ್ತದೆ. ದೊಡ್ಡ ಡಬ್ಬಿಯಲ್ಲಿ ಒತ್ತಿ ತುಂಬಿದ ಅನ್ನದ ಮೇಲ್ಭಾಗ ತಣ್ಣಗಾದರೂ ನಡುಭಾಗ ತುಂಬಾ ಹೊತ್ತು ಬೆಚ್ಚಗಿರುತ್ತದೆ. ಅದಕ್ಕೆ ಬೇಕಾದದ್ದೂ ಅದೇ. ವಾಂತಿ ತರುವ ಈ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ, ಮೂಗಿಗೂ ನಾಲಿಗೆಗೂ ತಿಳಿಯುವುದಿಲ್ಲ.

ಆದ್ದರಿಂದ ನೆನಪಿಡಬೇಕಾದ ಲೆಕ್ಕ ಗಡಿಯಾರದ್ದು. ಒಲೆಯಿಂದ ಇಳಿಸಿದ ಅನ್ನ, ಬೇಳೆ, ಪಲ್ಯ 2 ಗಂಟೆಯೊಳಗೆ ಹೊಟ್ಟೆ ಸೇರಬೇಕು. ಸೋಲಾಪುರ ಸೀಮೆಯ ಬೇಸಿಗೆಯಾದರೆ 1 ಗಂಟೆ. ಹುಳಿ ಇರುವುದರಿಂದ ಪುಳಿಯೋಗರೆ ಸ್ವಲ್ಪ ತಾಳುತ್ತದೆ ನಿಜ, ಆದರೆ ಗೊಜ್ಜು ಸರಿಯಾಗಿ ಹತ್ತದ ಅನ್ನದ ಗಂಟುಗಳಿಗೆ ಆ ರಕ್ಷಣೆ ಇಲ್ಲ. ಗೊಜ್ಜನ್ನು ಬೇಕಾದರೆ ಮನೆಯಿಂದ ಒಯ್ಯಿರಿ, ಅನ್ನವನ್ನು ಅಲ್ಲೇ ಮಾಡಿ.

*ಮರುವರ್ಷ ಮಾಡಿದ ವ್ಯವಸ್ಥೆ*

ಮೊದಲ ನಿಯಮ, ಬಸ್ಸಿನಲ್ಲಿ ಒಣ ಬುತ್ತಿ ಮಾತ್ರ. ನಮ್ಮ ಉತ್ತರ ಕರ್ನಾಟಕದ ಹಿರಿಯರು ಯಾತ್ರೆಗೆ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗುತ್ತಿದ್ದುದು ಸುಮ್ಮನೆ ಅಲ್ಲ. ನೀರಿನ ಅಂಶ ಇಲ್ಲದ ಕಡೆ ರೋಗಾಣು ಬೆಳೆಯುವುದಿಲ್ಲ. ಹಸಿ ತೆಂಗಿನಕಾಯಿ ಚಟ್ನಿ, ಆಲೂಗಡ್ಡೆ ಪಲ್ಯ, ಕಲಸಿದ ಮೊಸರನ್ನ ಬಸ್ಸು ಹತ್ತಲಿಲ್ಲ.

ಮೊದಲ ದಿನದ ತಿಂಡಿಗೆ ಗೊಜ್ಜವಲಕ್ಕಿ. ಗಟ್ಟಿ ಅವಲಕ್ಕಿಯನ್ನು ತರಿಯಾಗಿ ಪುಡಿ ಮಾಡಿ 2 ಕಿಲೋ, ಚೆನ್ನಾಗಿ ಕುದಿಸಿ ಗಟ್ಟಿ ಮಾಡಿದ ಹುಣಸೆ–ಬೆಲ್ಲದ ಗೊಜ್ಜು ಬೇರೆ ಡಬ್ಬಿಯಲ್ಲಿ, ಒಗ್ಗರಣೆಯ ಶೇಂಗಾ ಬೇರೆ. ಇಂದಾಪುರದ ಹತ್ತಿರ ಬಸ್ಸು ನಿಂತಾಗ ಫ್ಲಾಸ್ಕುಗಳ ಬಿಸಿ ನೀರು ಸುಮಾರು 3 ಲೀಟರಿಗೆ ಗೊಜ್ಜು ಬೆರೆಸಿ, ಅವಲಕ್ಕಿಗೆ ಹಾಕಿ ಕಾಲು ಗಂಟೆ ಮುಚ್ಚಿಟ್ಟೆವು. ಮೂವತ್ತು ಜನರಿಗೆ ಸಾಕಾಯಿತು. ಒಲೆಯ ಅಗತ್ಯವೇ ಬೀಳಲಿಲ್ಲ.

ಒಲೆಯ ವಿಷಯದಲ್ಲಿ ಒಂದು ಮಾತು. ಗ್ಯಾಸ್ ಸಿಲಿಂಡರನ್ನು ಬಸ್ಸಿನಲ್ಲಿ ಒಯ್ಯಲೇಬೇಡಿ. 2023ರ ಆಗಸ್ಟ್‌ನಲ್ಲಿ ಮದುರೈ ನಿಲ್ದಾಣದ ಬಳಿ ನಿಂತಿದ್ದ ಯಾತ್ರಿಕರ ರೈಲು ಬೋಗಿಗೆ ಬೆಂಕಿ ಹತ್ತಿ ಒಂಬತ್ತು ಜನ ತೀರಿಕೊಂಡರು. ಒಳಗೆ ಕದ್ದು ತಂದಿದ್ದ ಸಿಲಿಂಡರ್ ಇತ್ತು. ನಾವು ಧರ್ಮಶಾಲೆ ಕಾಯ್ದಿರಿಸುವಾಗಲೇ ಫೋನಿನಲ್ಲಿ ಮೂರು ವಿಷಯ ಕೇಳಿಕೊಂಡೆವು: ಒಲೆ ಕೊಡುತ್ತೀರಾ, 25 ಲೀಟರಿನ ಪಾತ್ರೆ ಇದೆಯಾ, ಅಡುಗೆಮನೆಯ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ.

ಎರಡನೆಯ ನಿಯಮ, ದರ್ಶನ ಮುಗಿದ ಮೇಲೆಯೇ ಒಲೆ ಹಚ್ಚುವುದು. ಮನೆಯಲ್ಲೇ ಒಂದೊಂದು ಊಟಕ್ಕೆ ಒಂದೊಂದು ಚೀಲ ಮಾಡಿದ್ದೆವು. ಪಂಢರಪುರದ ಚೀಲದಲ್ಲಿ ಎರಡೂವರೆ ಕಿಲೋ ಅಕ್ಕಿ, 1 ಕಿಲೋ ಹುರಿದ ಹೆಸರುಬೇಳೆ, ಅರಿಶಿನ, ಜೀರಿಗೆ, ಮೆಣಸು, ಉಪ್ಪು. ಇದಕ್ಕೆ ಸುಮಾರು 14 ಲೀಟರ್ ನೀರು ಬೇಕು. ಮೂವರು ಬೆಳಗಿನ ಹೊತ್ತೇ ಮುಖದರ್ಶನ ಮಾಡಿ ಬಂದು ಧರ್ಮಶಾಲೆಯಲ್ಲಿ ಕಾದರು. ಸಾಲಿನಲ್ಲಿದ್ದವರು “ಒಳಗೆ ಬಂದೆವು” ಎಂದು ಫೋನ್ ಮಾಡಿದಾಗ ನೀರಿಟ್ಟರು. ಒಂದು ಗಂಟೆಯೊಳಗೆ ಹುಗ್ಗಿ ಸಿದ್ಧ. ಬಂದವರು ಕೈತೊಳೆದು ಹೊಗೆಯಾಡುವ ಹುಗ್ಗಿಗೆ ಕೂತರು. ಜೊತೆಗೆ ಸೀಲ್ ಇದ್ದ ಪ್ಯಾಕೆಟ್ ಮೊಸರು, ಆಗಲೇ ಕತ್ತರಿಸಿದ್ದು. ಸಕ್ಕರೆ ಕಾಯಿಲೆಯ ಇಬ್ಬರು ಹಿರಿಯರು ಅಷ್ಟು ಹೊತ್ತು ಕಾಯುವಂತಿಲ್ಲ. ಅವರ ಜೇಬಿನಲ್ಲಿ ರೊಟ್ಟಿ–ಶೇಂಗಾದ ಸಣ್ಣ ಪೊಟ್ಟಣ ಮೊದಲೇ ಇತ್ತು.

ಕಷ್ಟವಾದದ್ದು ಉಳಿದ ಹುಗ್ಗಿಯ ಪ್ರಶ್ನೆ. ನಮ್ಮ ಸೋದರತ್ತೆ ಡಬ್ಬಿ ಹಿಡಿದು ನಿಂತರು. “ಅನ್ನ ಚೆಲ್ಲಬಾರದಮ್ಮ, ರಾತ್ರಿಗೆ ಆಗ್ತದ” ಎಂದರು. ಹಿಂದಿನ ವರ್ಷ ವಾಂತಿಯಾಗಿ ಹೆಚ್ಚು ನರಳಿದವರು ಅವರೇ. “ಚೆಲ್ಲೋದು ಬೇಡ ಅತ್ತೆ, ಬಿಸಿ ಇರೋವಾಗಲೇ ಕೊಟ್ಟುಬಿಡೋಣ” ಎಂದು ಹೇಳಿ, ಡ್ರೈವರ್, ಕ್ಲೀನರ್, ಧರ್ಮಶಾಲೆಯ ಕೆಲಸದವರಿಗೆ ಆಗಲೇ ಬಡಿಸಿದೆವು. ಕೊಡುವುದಾದರೂ 2 ಗಂಟೆಯೊಳಗೆ ಕೊಡಬೇಕು. ನಮಗೆ ಬೇಡದ ಅನ್ನ ಇನ್ನೊಬ್ಬರಿಗೂ ಬೇಡ.

ಎರಡನೆಯ ದಿನ ತುಳಜಾಪುರದಲ್ಲಿ 2 ಕಿಲೋ ರವೆಯ ಉಪ್ಪಿಟ್ಟು. ಅಕ್ಕಲಕೋಟೆಯಲ್ಲಿ ನಾವು ಅಡುಗೆ ಮಾಡಲಿಲ್ಲ, ಅನ್ನಛತ್ರದ ಬಿಸಿ ಪ್ರಸಾದವೇ ಊಟ. ಮೂರನೆಯ ದಿನ ಗಾಣಗಾಪುರದಲ್ಲಿ ಮಧ್ಯಾಹ್ನದ ಮಧುಕರಿ. ಸಿಕ್ಕ ಭಿಕ್ಷೆಯನ್ನು ಅಲ್ಲೇ ಸ್ವೀಕರಿಸಿದೆವು, ಬಸ್ಸಿಗೆ ಕಟ್ಟಿಕೊಳ್ಳಲಿಲ್ಲ. ಹಿಂದಿರುಗುವ ದಾರಿಗೆ ಮತ್ತೆ ರೊಟ್ಟಿ, ಚಟ್ನಿಪುಡಿ, ಸಿಪ್ಪೆ ಸುಲಿಯುವ ಬಾಳೆಹಣ್ಣು.

*ನೀರಿನ ಲೆಕ್ಕ*

ಕುಡಿಯಲು ಒಬ್ಬರಿಗೆ ದಿನಕ್ಕೆ 3 ಲೀಟರ್ ಎಂದರೆ ಮೂವತ್ತು ಜನರಿಗೆ 90 ಲೀಟರ್, ಅಂದರೆ 20 ಲೀಟರಿನ ಐದು ಕ್ಯಾನ್. ಮುಚ್ಚಳದ ಸೀಲ್ ಮತ್ತು ಎಫ್‌ಎಸ್‌ಎಸ್‌ಎಐ ನಂಬರ್ ನೋಡಿ ತೆಗೆದುಕೊಳ್ಳಿ. ಮದುವೆಮನೆಗೆ ಬರುವ ಸೀಲ್ ಇಲ್ಲದ ತಂಪು ಜಾರ್ ನೀರು ತಣ್ಣಗಿರುತ್ತದೆ, ಶುದ್ಧವಿದೆ ಎನ್ನಲು ಆಧಾರವಿಲ್ಲ. ಕ್ಯಾನಿಗೆ ಕೈಪಂಪು ಹಾಕಿ. ಲೋಟ ಅದ್ದಿದರೆ ಒಬ್ಬರ ಕೈಯ ಕೊಳೆ ಮೂವತ್ತು ಜನರಿಗೆ ಹೋಗುತ್ತದೆ.

ಕ್ಯಾನ್ ಸಿಗದ ಕಡೆ ನಲ್ಲಿ ನೀರನ್ನು ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ, ತಳದಿಂದ ಮೇಲಕ್ಕೆ ಗುಳುಗುಳು ಕುದಿ ಬಂದ ಮೇಲೆ ಇನ್ನೂ ಒಂದು ನಿಮಿಷ ಕುದಿಸಿ, ಮುಚ್ಚಿ ಆರಿಸಿ. ರಾತ್ರಿಯೇ ಕುದಿಸಿಟ್ಟರೆ ಬೆಳಿಗ್ಗೆ ಬಾಟಲಿಗೆ ತುಂಬಬಹುದು. ಒಲೆಯೂ ಇಲ್ಲದಿದ್ದರೆ ಔಷಧಿ ಅಂಗಡಿಯ ಕ್ಲೋರಿನ್ ಮಾತ್ರೆ. ಎಷ್ಟು ಲೀಟರಿಗೆ ಒಂದು ಎಂಬುದು ಪೊಟ್ಟಣದ ಮೇಲಿರುತ್ತದೆ. ಹಾಕಿ ಅರ್ಧ ಗಂಟೆ ಬಿಡಿ. ಆಮೇಲೆ ತುಸು ಕ್ಲೋರಿನ್ ವಾಸನೆ ಬರಬೇಕು. ಬಾರದಿದ್ದರೆ ಕೊಳೆಯೇ ಅದನ್ನು ತಿಂದುಹಾಕಿದೆ ಎಂದರ್ಥ, ಇನ್ನೊಂದು ಸಲ ಹಾಕಿ ಮತ್ತೆ ಅರ್ಧ ಗಂಟೆ ಕಾಯಿರಿ. ಕೆಸರು ನೀರಿನಲ್ಲಿ ಮಾತ್ರೆ ಕೆಲಸ ಮಾಡುವುದಿಲ್ಲ.

ಪಂಢರಪುರದ ಚಂದ್ರಭಾಗೆಯೂ ಗಾಣಗಾಪುರದ ಸಂಗಮದ ಭೀಮೆಯೂ ಒಂದೇ ನದಿ. ಸ್ನಾನ ಮಾಡಿ, ತೀರ್ಥವನ್ನು ತಲೆಗೆ ಪ್ರೋಕ್ಷಿಸಿಕೊಳ್ಳಿ, ಮನೆಯ ಪೂಜೆಗೆ ಬಾಟಲಿಯಲ್ಲಿ ತನ್ನಿ. ಬಾಯಿಗೆ ಮಾತ್ರ ಬೇಡ. ಮುಳುಗು ಹಾಕುವಾಗ ಮಕ್ಕಳು ನೀರು ನುಂಗದಂತೆ ನೋಡಿಕೊಳ್ಳಿ.

ನಮಗೆ ಬಹಳ ಉಪಯೋಗವಾದದ್ದು ನಲ್ಲಿ ಇರುವ ಹತ್ತು ಲೀಟರಿನ ಒಂದು ಪ್ಲಾಸ್ಟಿಕ್ ಡಬ್ಬ. ಬಸ್ಸಿನ ಮೆಟ್ಟಿಲ ಮೇಲೆ ಇಟ್ಟು, ಪಕ್ಕದಲ್ಲಿ ಬಲೆ ಚೀಲದಲ್ಲಿ ಸೋಪು ಕಟ್ಟಿದೆವು. ಶೌಚಕ್ಕೆ ಹೋಗಿ ಬಂದವರು ಅದನ್ನು ದಾಟದೆ ಒಳಗೆ ಬರುವಂತಿರಲಿಲ್ಲ. ಹೊಟ್ಟೆ ಸರಿಯಿಲ್ಲದವರು ಬಡಿಸಲು ನಿಲ್ಲಲಿಲ್ಲ.

*ಆದರೂ ವಾಂತಿ–ಭೇದಿ ಆದರೆ*

ಒಆರ್‌ಎಸ್ ಪೊಟ್ಟಣ ಹದಿನೈದಾದರೂ ಇರಲಿ. 1 ಲೀಟರಿನ ಪೊಟ್ಟಣವನ್ನು ಪೂರ್ತಿ 1 ಲೀಟರ್ ಶುದ್ಧ ನೀರಿಗೇ ಹಾಕಿ, ಒಂದು ಲೋಟಕ್ಕೆ ಅಂದಾಜಿನಲ್ಲಿ ಉದುರಿಸಬೇಡಿ. ಪೊಟ್ಟಣ ಮುಗಿದರೆ 1 ಲೀಟರಿಗೆ ಟೀ ಚಮಚದಲ್ಲಿ ಸಮಮಟ್ಟದ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ವಾಂತಿ ಇದ್ದರೆ ಹತ್ತು ನಿಮಿಷ ಬಿಟ್ಟು, ಗುಟುಕು ಗುಟುಕಾಗಿ ಕೊಡಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ಮಕ್ಕಳಿಗೆ, ಜ್ವರವಿದ್ದವರಿಗೆ, ಮಲದಲ್ಲಿ ರಕ್ತ ಕಂಡವರಿಗೆ ಕೊಡಬೇಡಿ.

ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ, 6–8 ಗಂಟೆ ಮೂತ್ರವೇ ಆಗದಿದ್ದರೆ, ರಕ್ತ ಕಂಡರೆ, ಮಗು ಮಂಕಾಗಿ ಮಲಗಿದರೆ ಮುಂದಿನ ದೇವಸ್ಥಾನ ಬಿಟ್ಟು ಹತ್ತಿರದ ಆಸ್ಪತ್ರೆಗೆ ಬಸ್ಸು ತಿರುಗಿಸಿ. ಬಿಪಿ, ಸಕ್ಕರೆಯ ಮಾತ್ರೆ ತೆಗೆದುಕೊಳ್ಳುವ ಹಿರಿಯರಿಗೆ ವಾಂತಿ–ಭೇದಿ ಆದರೆ ಅಂದಿನ ಮಾತ್ರೆ ನುಂಗುವ ಮೊದಲು ಅವರ ವೈದ್ಯರಿಗೆ ಫೋನ್ ಮಾಡಿ ಕೇಳಿ.

ಆ ಮರುವರ್ಷ ಮೂವತ್ತು ಜನರಲ್ಲಿ ಒಬ್ಬರಿಗೂ ವಾಂತಿಯಾಗಲಿಲ್ಲ. ಬಸ್ಸು ಪುಣೆಗೆ ಮುಟ್ಟಿದಾಗ ಅತ್ತೆಯ ಆ ಡಬ್ಬಿಯಲ್ಲಿ ಇದ್ದದ್ದು ನಾಲ್ಕು ಕಟಕ ರೊಟ್ಟಿ ಮಾತ್ರ. ಈ ಸಲ ನಿಮ್ಮ ಕಡೆಯಿಂದ ಯಾರಾದರೂ ಬಸ್ಸು ಹೊರಡಿಸುತ್ತಿದ್ದರೆ, ಹಿಂದಿನ ರಾತ್ರಿ ಅನ್ನಕ್ಕೆ ಇಡುವ ಮೊದಲೇ ಅವರಿಗೆ ಇದನ್ನು ಕಳುಹಿಸಿ.