ಬೆಳ್ಳಿಹಬ್ಬದ ಪತ್ರದಲ್ಲಿ ಮುಂದಿನ ಕೆಲಸದ ಮಾತು

ಪೀಣ್ಯದಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಒಂದು ಸಣ್ಣ ಘಟಕ ಇದೆ ಎಂದಿಟ್ಟುಕೊಳ್ಳಿ. ಅವರ ಹಳೆಯ ಗಿರಾಕಿ ಮೈಸೂರಿನ ಒಂದು ಊದುಬತ್ತಿ ಕಂಪನಿ. ಆ ಕಂಪನಿಗೆ ಈಗ ಇಪ್ಪತ್ತೈದು ವರ್ಷ ತುಂಬುತ್ತಿದೆ, ರಫ್ತು ಶುರು ಮಾಡುವ ಸುದ್ದಿಯೂ ಪತ್ರಿಕೆಯಲ್ಲಿ ಬಂದಿದೆ. ಅಭಿನಂದನೆ ಹೇಳಬೇಕು, ರಫ್ತಿನ ಪೆಟ್ಟಿಗೆಯ ಕೆಲಸವೂ ತಮಗೇ ಸಿಗಲಿ ಎಂಬ ಆಸೆ. ಆಸೆಯಲ್ಲಿ ತಪ್ಪಿಲ್ಲ. ಅದನ್ನು ಹೇಳುವ ಬಗೆಯಲ್ಲೇ ಎಷ್ಟೋ ಪತ್ರಗಳು ಕೆಡುತ್ತವೆ.

ಮೊದಲು ವರ್ಷ ಸರಿಯಾಗಿ ಗೊತ್ತಿರಬೇಕು. 2013ರ ಕಂಪನಿ ಕಾಯ್ದೆಯ ಪ್ರಕಾರ ಕಂಪನಿಗಳು ತಮ್ಮ ಪತ್ರ, ಬಿಲ್‌ಗಳ ಮೇಲೆ CIN ಎಂಬ 21 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಮುದ್ರಿಸಬೇಕು. ಕರ್ನಾಟಕದ ಕಂಪನಿಯಾದರೆ ಅದರ ನಡುವೆ KA ಎಂದಿರುತ್ತದೆ, ಅದರ ಮುಂದಿನ ನಾಲ್ಕು ಅಂಕಿಗಳೇ ನೋಂದಣಿಯಾದ ವರ್ಷ. ಆದರೆ ಇದನ್ನೇ ನಂಬಿ ಕೂರಬಾರದು. ಅಪ್ಪ ಮನೆಯ ಹಿಂದಿನ ಶೆಡ್ಡಿನಲ್ಲಿ ವ್ಯಾಪಾರ ಶುರು ಮಾಡಿ, ಮಕ್ಕಳು ಎಷ್ಟೋ ವರ್ಷದ ಮೇಲೆ ಪ್ರೈವೇಟ್ ಲಿಮಿಟೆಡ್ ಮಾಡಿಸಿರುವ ಮನೆತನದ ಕಂಪನಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಕಾಗದ ಹೇಳುವ ವರ್ಷ ಒಂದು, ಮನೆಯವರು ಲೆಕ್ಕ ಇಡುವುದು ಶೆಡ್ಡಿನಲ್ಲಿ ಮೊದಲ ಪೂಜೆ ಮಾಡಿದ ವರ್ಷದಿಂದ. ಅವರ ಆಮಂತ್ರಣದಲ್ಲೋ ಕ್ಯಾಲೆಂಡರಿನಲ್ಲೋ ಏನಿದೆಯೋ ಅದನ್ನೇ ಬರೆಯಬೇಕು.

ಸಾಮಾನ್ಯವಾಗಿ ಹೋಗುವ ಪತ್ರ ಹೀಗಿರುತ್ತದೆ: ‘ಬೆಳ್ಳಿಹಬ್ಬದ ಹಾರ್ದಿಕ ಶುಭಾಶಯಗಳು. ನಾವು ಎಲ್ಲ ಬಗೆಯ ಪೆಟ್ಟಿಗೆಗಳನ್ನು ಸ್ಪರ್ಧಾತ್ಮಕ ದರದಲ್ಲಿ ಒದಗಿಸುತ್ತೇವೆ. ದರಪಟ್ಟಿ ಲಗತ್ತಿಸಿದೆ.’ ಮೊದಲ ವಾಕ್ಯ ಯಾರಿಗಾದರೂ ಕಳಿಸಬಹುದಾದದ್ದು, ಉಳಿದದ್ದು ಜಾಹೀರಾತು. ಅದರ ಬದಲು ಹೀಗೆ ಬರೆಯಬಹುದು:

‘ಮಾನ್ಯರೇ, ನಮಸ್ಕಾರ. ನಿಮ್ಮ ಸಂಸ್ಥೆಗೆ ಇಪ್ಪತ್ತೈದು ವರ್ಷ ತುಂಬಿದ್ದು ಕೇಳಿ ನಮ್ಮ ಘಟಕದವರಿಗೆಲ್ಲ ಬಹಳ ಸಂತೋಷವಾಯಿತು. ಲಾಕ್‌ಡೌನ್ ತೆರವಾದಾಗ ನಮಗೆ ಬಂದ ಮೊದಲ ಆರ್ಡರ್ ನಿಮ್ಮದು. ನಿಂತಿದ್ದ ಯಂತ್ರ ಮತ್ತೆ ಓಡಿದ್ದು ಅದರಿಂದ, ನಮ್ಮ ಹುಡುಗರು ಈಗಲೂ ಅದನ್ನು ನೆನೆಯುತ್ತಾರೆ. ನಿಮ್ಮ ಊದುಬತ್ತಿ ಇನ್ನು ಹಡಗು ಹತ್ತಲಿದೆ ಎಂದು ಪತ್ರಿಕೆಯಲ್ಲಿ ಓದಿದೆವು. ದಾರಿಯ ತೇವಕ್ಕೆ ಪೆಟ್ಟಿಗೆ ಮೆತ್ತಗಾಗದಂತೆ ಏನು ಮಾಡಬಹುದೆಂದು ನಿಮ್ಮ ಪ್ಯಾಕಿಂಗ್‌ನವರು ವಿಚಾರಿಸಬೇಕೆಂದರೆ ನಾವಿದ್ದೇವೆ. ನಿಮಗೂ ಮನೆಯವರಿಗೂ ಶುಭವಾಗಲಿ.’

ಲಾಕ್‌ಡೌನಿನ ಮಾತು ನಿಜವಾಗಿ ನಡೆದದ್ದಾಗಿರಬೇಕು. ಅಂಥ ನೆನಪು ಇಲ್ಲದಿದ್ದರೆ ಹಳೆಯ ಆರ್ಡರ್ ಪುಸ್ತಕ ತಿರುವಿ ಹಾಕಿ, ಏನಾದರೂ ಸಿಕ್ಕೇ ಸಿಗುತ್ತದೆ. ಇನ್ನು ತೇವದ ಮಾತು. ರಾತ್ರಿ ತಂಪಾದಾಗ ಕಂಟೇನರಿನ ಚಾವಣಿಗೆ ಒಳಗಿನ ತೇವ ಹನಿಗಟ್ಟಿ ಪೆಟ್ಟಿಗೆಗಳ ಮೇಲೆ ತೊಟ್ಟಿಕ್ಕುತ್ತದೆ. ರಟ್ಟು ತೇವ ಹೀರಿದರೆ ಭಾರ ತಡೆಯುವ ಶಕ್ತಿ ಕುಂದಿ, ಅಟ್ಟಿಯ ಕೆಳಗಿನ ಸಾಲು ಮೊದಲು ಕುಸಿಯುತ್ತದೆ. ಹೊಸದಾಗಿ ರಫ್ತಿಗೆ ಇಳಿದವರಿಗೆ ಇದು ಹೊಳೆಯದೇ ಹೋಗಬಹುದು. ಪತ್ರದಲ್ಲಿ ದರವಿಲ್ಲ, ಪಟ್ಟಿ ಇಲ್ಲ, ‘ಯಾವಾಗ ಬರಲಿ’ ಎಂಬ ಪ್ರಶ್ನೆಯೂ ಇಲ್ಲ. ಆದರೂ ಈ ಕೆಲಸ ಬಲ್ಲವರು ಯಾರೆಂದು ಓದಿದವರಿಗೆ ತಿಳಿಯುತ್ತದೆ. ಬರೆದಾದ ಮೇಲೆ ತೇವದ ವಾಕ್ಯಕ್ಕೆ ಬೆರಳು ಅಡ್ಡ ಹಿಡಿದು ಉಳಿದದ್ದನ್ನು ಓದಿನೋಡಿ. ಅಷ್ಟೇ ಇದ್ದರೂ ಅಭಿನಂದನೆಯ ಪತ್ರವಾಗಿ ನಿಲ್ಲುತ್ತದೆ ಎಂದಾದರೆ ಕಳಿಸಬಹುದು. ರಫ್ತಿನ ಸುದ್ದಿ ಪತ್ರಿಕೆಯಿಂದಲ್ಲದೆ ಅವರ ಗೋದಾಮಿನ ಹುಡುಗನ ಬಾಯಿಂದ ಬಂದಿದ್ದರೆ ಮಾತ್ರ ಆ ವಾಕ್ಯ ಬೇಡವೇ ಬೇಡ, ಅವನ ಕೆಲಸಕ್ಕೆ ಸಂಚಕಾರ ಬಂದೀತು.

ಪತ್ರ ಮಾಲೀಕರ ಹೆಸರಿಗೆ ಹೋಗಲಿ, ಸಹಿಯೂ ಘಟಕದ ಮಾಲೀಕರದ್ದೇ ಇರಲಿ. ಆದರೆ ಇಷ್ಟು ವರ್ಷ ಆರ್ಡರ್ ಹಾಕಿದ ಪರ್ಚೇಸ್ ಮ್ಯಾನೇಜರನ್ನು ಮರೆಯಬಾರದು. ತಮ್ಮನ್ನು ದಾಟಿ ಮೇಲಕ್ಕೆ ಹೋದರು ಎಂದು ಅವರಿಗೆ ಅನ್ನಿಸಿದರೆ ಮುಂದಿನ ಆರ್ಡರಿಗೇ ಕುತ್ತು. ಅವರಿಗೊಂದು ಫೋನ್ ಮಾಡಿ ‘ಸಾರ್, ಇದರಲ್ಲಿ ನಿಮ್ಮ ಪಾಲೂ ಇದೆ’ ಎಂದರೆ ಸಾಕು. ಸಮಾರಂಭದ ದಿನ ಹೂಗುಚ್ಛಗಳ ರಾಶಿಯಲ್ಲಿ ಪತ್ರ ಕಳೆದುಹೋಗುತ್ತದೆ, ಎರಡು ಮೂರು ದಿನ ಬಿಟ್ಟು ತಲುಪಿದರೆ ಓದುತ್ತಾರೆ. ಅತ್ತಕಡೆಯಿಂದ ಮಾತು ಬಾರದಿದ್ದರೆ ಕೆಲವು ವಾರಗಳ ನಂತರ ಮಾದರಿ ಪೆಟ್ಟಿಗೆ ಹಿಡಿದು ಪ್ಯಾಕಿಂಗ್ ವಿಭಾಗಕ್ಕೆ ಹೋಗಿಬರಬಹುದು. ಆಗ ಅಭಿನಂದನೆಯ ಪತ್ರದ ಪ್ರಸ್ತಾಪ ಬೇಡ.

ಮುಂದಿನ ಕೆಲಸದ ಮಾತನ್ನು ಪೂರ್ತಿ ಬಿಡಬೇಕಾದ ಸಂದರ್ಭಗಳೂ ಇವೆ. ಹಳೆಯ ಬಿಲ್ ಬಾಕಿ ಇದ್ದರೆ, ದರದ ಬಗ್ಗೆ ಜಗ್ಗಾಟ ನಡೆಯುತ್ತಿದ್ದರೆ, ಎಷ್ಟು ನಯವಾಗಿ ಬರೆದರೂ ಅದು ಒತ್ತಾಯದಂತೆಯೇ ಓದಿಸಿಕೊಳ್ಳುತ್ತದೆ. ಗಿರಾಕಿ ಸರ್ಕಾರಿ ಸಂಸ್ಥೆಯಾಗಿ, ಟೆಂಡರ್ ತೆರೆದಿದ್ದರೆ ಇನ್ನೂ ಎಚ್ಚರ ಬೇಕು. ಆಗ ಅಭಿನಂದನೆ ಎರಡು ಸಾಲು ಮೀರದಿರಲಿ, ಜೊತೆಗೆ ಸಿಹಿಯ ಡಬ್ಬವೂ ಹೋಗದಿರಲಿ.